ಗ್ಯಾಲರಿ ಸ್ಟೀಲ್ ತಡ: ವೆಂಡರ್‌ಗೆ ಈ ಪತ್ರ ಸಾಕಾ?

ಗಿಣಿಗೇರಾ ಸೈಟ್:
ನಮ್ಮ ಪ್ಲಾಂಟ್ ವಿಸ್ತರಣೆಗೆ ಕನ್ವೇಯರ್ ಗ್ಯಾಲರಿ, ಅದನ್ನು ಹೊರುವ ಟ್ರೆಸಲ್‌ಗಳ ಫ್ಯಾಬ್ರಿಕೇಷನ್ ಆರ್ಡರ್ ಕೊಟ್ಟಿದ್ದೇವೆ. ಒಟ್ಟು 120 ಟನ್. ಆಗಸ್ಟ್ 30ಕ್ಕೆ ಕೊನೆ ಲಾರಿ ಸೈಟಿಗೆ ಬರಬೇಕಿತ್ತು. ಬಂದಿದ್ದು 78 ಟನ್. ನಾಳೆ ಈ ಪತ್ರ ಕಳಿಸುತ್ತಿದ್ದೇನೆ: "ನಿಮ್ಮ ವಿಳಂಬದಿಂದ ನಮಗೆ ಭಾರಿ ನಷ್ಟವಾಗಿದೆ. ಮೈಲ್‌ಸ್ಟೋನ್ ತಪ್ಪಿದ್ದೀರಿ. ಕೂಡಲೇ ಹೊಸ ದಿನಾಂಕ ತಿಳಿಸಿ. ಆ ದಿನಾಂಕವೂ ತಪ್ಪಿದರೆ ಆರ್ಡರ್ ರದ್ದು ಮಾಡುತ್ತೇವೆ." ಇಷ್ಟು ಸಾಕಾ, ಇನ್ನೂ ಖಾರ ಬೇಕಾ?

ರಾಯಚೂರು ಎಲ್‌ಎಲ್‌ಬಿ:
"ಹೊಸ ದಿನಾಂಕ ತಿಳಿಸಿ" ಅಂತ ಬರೆದರೆ ನಿಮ್ಮ ಕೇಸ್ ಅಲ್ಲಿಗೇ ಮುಗಿಯಿತು. 1872ರ ಕಾಂಟ್ರಾಕ್ಟ್ ಕಾಯ್ದೆ, 55ನೇ ಸೆಕ್ಷನ್ ನೋಡಿ. ತಡವಾಗಿ ಬಂದ ಮಾಲನ್ನು ನೋಟಿಸ್ ಕೊಡದೆ ತೆಗೆದುಕೊಂಡರೆ ಆ ತಡಕ್ಕೆ ಒಂದು ಪೈಸೆ ಪರಿಹಾರವೂ ಕೇಳುವ ಹಾಗಿಲ್ಲ. ಆಗಸ್ಟ್ 30ರ ನಂತರ ಲಾರಿ ಇಳಿಸಿಕೊಂಡಿದ್ದೀರಾ? ಹಾಗಾದರೆ ಎಲ್‌ಡಿ, ಅಂದರೆ ತಡಕ್ಕೆ ಆರ್ಡರ್‌ನಲ್ಲಿ ಬರೆದ ದಂಡ, ಮರೆತುಬಿಡಿ.

ಬಳ್ಳಾರಿ ಶೆಡ್:
"ಭಾರಿ ನಷ್ಟ" ಅಂತೆ. ನಾನೂ ಫ್ಯಾಬ್ರಿಕೇಟರ್. ಇಂಥ ಪತ್ರ ಶೆಡ್ಡಿಗೆ ಬರುತ್ತಲೇ ಇರುತ್ತವೆ. ಒಂದರಲ್ಲೂ ಡ್ರಾಯಿಂಗ್ ಯಾವತ್ತು ಅಪ್ರೂವ್ ಆಯಿತು, ಬಿಲ್ ಯಾವತ್ತು ಪಾಸಾಯಿತು ಅಂತ ಇರುವುದಿಲ್ಲ. ಮೊದಲು ಅದನ್ನು ಹೇಳಿ, ಆಮೇಲೆ ನಷ್ಟದ ಮಾತು.

ಹಳೇ ಕಾಂಟ್ರಾಕ್ಟ್ಸ್:
"ಒಂದು ಪೈಸೆಯೂ ಇಲ್ಲ" ಅನ್ನುವುದು ಅರ್ಧ ಸತ್ಯ. 55ರಲ್ಲಿ ಮೂರು ಪ್ಯಾರಾ ಇದೆ, ತಮ್ಮ. ನೀವು ಓದಿದ್ದು ಮೂರನೆಯದು. ತಡವಾದ ಕಾರಣಕ್ಕೆ ಒಪ್ಪಂದ ರದ್ದು ಮಾಡುವ ಹಕ್ಕು ಇದ್ದವನು ರದ್ದು ಮಾಡದೆ ಮಾಲು ತೆಗೆದುಕೊಂಡಾಗ ಅದು ಬರುತ್ತದೆ. ಎರಡನೆಯ ಪ್ಯಾರಾದ ಪ್ರಕಾರ, ಸಮಯ ಅಷ್ಟು ಮುಖ್ಯ ಅಂತ ಇಬ್ಬರೂ ಅಂದುಕೊಂಡಿರಲಿಲ್ಲ ಎಂದಾದರೆ ರದ್ದು ಮಾಡಲಾಗದು, ನಷ್ಟ ಕೇಳಬಹುದು. ಆರ್ಡರ್‌ನಲ್ಲಿ ವಾರಕ್ಕೆ ಇಷ್ಟು ದಂಡ ಅಂತಲೂ ಇದ್ದು, ಅವಧಿ ವಿಸ್ತರಿಸುವ ಷರತ್ತೂ ಇದ್ದರೆ, "ಸಮಯವೇ ಮುಖ್ಯ" ಅಂತ ಬರೆದಿದ್ದಷ್ಟಕ್ಕೇ ಅದು ನಿಲ್ಲುವುದಿಲ್ಲ. 1979ರ ಹಿಂದ್ ಕನ್‌ಸ್ಟ್ರಕ್ಷನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.

ಆದ್ದರಿಂದ ಗಿಣಿಗೇರಾದವರೇ, "ರದ್ದು ಮಾಡುತ್ತೇವೆ" ಅನ್ನುವ ಸಾಲೇ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ದುರ್ಬಲ. 42 ಟನ್ ಅರ್ಧ ಕೆಲಸವನ್ನು ಬೇರೆ ಶೆಡ್ಡಿಗೆ ಹೊತ್ತು ಹಾಕುವವರು ಯಾರು? ವೆಂಡರ್‌ಗೂ ಅದು ಗೊತ್ತು. ಎರಡನೇ ದುರ್ಬಲ ಸಾಲು "ಹೊಸ ದಿನಾಂಕ". ಅವನು ಅಕ್ಟೋಬರ್ 15 ಅಂತ ಬರೆದು ಕಳಿಸುತ್ತಾನೆ, ನೀವು ಸುಮ್ಮನಿರುತ್ತೀರಿ. ಮುಂದೆ ಅದನ್ನೇ ತೋರಿಸಿ "ಅವಧಿ ವಿಸ್ತರಿಸಿ ಕೊಟ್ಟಿದ್ದರು" ಅನ್ನುತ್ತಾನೆ. ಆಗಸ್ಟ್ 30 ಹಾಗೇ ಇದೆ, ನಮ್ಮ ಹಕ್ಕುಗಳನ್ನು ಬಿಟ್ಟಿಲ್ಲ, ಕಳೆದ ದಿನಗಳನ್ನು ಹೇಗೆ ತುಂಬಿಕೊಡುತ್ತೀರಿ ತೋರಿಸಿ ಅಂತ ಕೇಳಬೇಕು.

ರಾಯಚೂರು ಎಲ್‌ಎಲ್‌ಬಿ:
"ಅರ್ಧ ಸತ್ಯ" ಅಂದಿರಿ, ಆದರೆ ಕೊನೆಗೆ ನೀವೂ ನೋಟಿಸ್ ಕೊಡಿ ಅಂತಲೇ ಹೇಳಿದಿರಿ. ನಾನು ಹೇಳಿದ್ದೂ ಅದೇ ಅಲ್ವಾ?

ಗಿಣಿಗೇರಾ ಸೈಟ್:
ಶೆಡ್‌ನವರೇ, ಡ್ರಾಯಿಂಗ್ ಅಂದಿರಲ್ಲ. ಟಿ-4 ಟ್ರೆಸಲ್‌ನ ಬೇಸ್ ಪ್ಲೇಟ್ ಒಂದನ್ನೇ ನಾವು ಬದಲಾಯಿಸಿದ್ದು. ಫೌಂಡೇಷನ್ ಬೋಲ್ಟ್ ಸ್ವಲ್ಪ ಸರಿದಿತ್ತು, ಹೋಲ್ ಬದಲಾಯಿತು. 11 ದಿನ ಹೋಯಿತು, ಸರಿ. ಆದರೆ ಉಳಿದ ಟ್ರೆಸಲ್‌ಗಳಿಗೂ ವಾಕ್‌ವೇಗೂ ಅದಕ್ಕೂ ಏನು ಸಂಬಂಧ? ಇನ್ನು ಬಿಲ್. ಕೆಲಸ ಆದಷ್ಟಕ್ಕೆ ಹಾಕುವ ಆರ್‌ಎ ಬಿಲ್‌ಗಳಲ್ಲಿ ಮೂರನೆಯದರ ಜೊತೆ ಪ್ಲೇಟ್‌ಗಳ ಮಿಲ್ ಟೆಸ್ಟ್ ಸರ್ಟಿಫಿಕೇಟ್, ಅಂದರೆ ಎಂಟಿಸಿ, ಇರಲಿಲ್ಲ. ಅದಿಲ್ಲದೆ ನಮ್ಮ ಕ್ವಾಲಿಟಿಯವರು ಸಹಿ ಹಾಕುವುದಿಲ್ಲ.

ಬಳ್ಳಾರಿ ಶೆಡ್:
"ಸಹಿ ಹಾಕುವುದಿಲ್ಲ" ಅಂತ ಬರೆದು ಕೊಟ್ಟಿದ್ದೀರಾ? ಅದನ್ನು ಹೇಳಿ ಮೊದಲು. ಎಂಎಸ್‌ಎಂಇ ಕಾಯ್ದೆ, 2006. ಮಾಲು ತಲುಪಿದ 15 ದಿನದೊಳಗೆ ಲಿಖಿತ ತಕರಾರು ಇಲ್ಲದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡ ಹಾಗೆ ಲೆಕ್ಕ. ಅಲ್ಲಿಂದ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ಆಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಫೋನಿನಲ್ಲಿ "ಎಂಟಿಸಿ ಕಳಿಸಪ್ಪ" ಅಂದರೆ ಅದು ತಕರಾರಲ್ಲ.

ಗಿಣಿಗೇರಾ ಸೈಟ್:
ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೇವೆ. ಅವರ ಸೂಪರ್‌ವೈಸರ್ "ಓಕೆ ಸರ್" ಅಂದಿದ್ದಾನೆ. ಸಾಲದೇ? ಎಂಟಿಸಿ ಇಲ್ಲದ ಪ್ಲೇಟು ಯಾವ ಗ್ರೇಡಿನದೋ ಯಾರಿಗೆ ಗೊತ್ತು? ಆ ಗ್ಯಾಲರಿ ಕೆಳಗೆ ನಮ್ಮ ಜನ ಓಡಾಡುತ್ತಾರೆ ರೀ.

ಬಳ್ಳಾರಿ ಶೆಡ್:
"ಯಾವ ಗ್ರೇಡಿನದೋ" ಅನ್ನುವ ಅನುಮಾನ ಇದ್ದಿದ್ದರೆ ಮಾಲನ್ನು ಎತ್ತಿ ನಿಲ್ಲಿಸಿದ್ದೇಕೆ? ಟ್ರೆಸಲ್ ನಿಂತಿದೆ ಅಲ್ವಾ? ನಿಲ್ಲಿಸುವಾಗ ಗ್ರೇಡ್ ಸರಿ ಇತ್ತು, ದುಡ್ಡು ಕೊಡುವಾಗ ಕೆಟ್ಟಿತಾ? ಪ್ಲೇಟ್ ತರುವವನಿಗೆ ನಾವು ಮುಂಗಡ ಕೊಡಬೇಕು. ನಿಮ್ಮ ಬಿಲ್ ನಿಂತರೆ ಮುಂದಿನ ಪ್ಲೇಟ್ ನಿಂತಿತು. ವೆಲ್ಡರ್‌ಗಳಿಗೆ ವಾರದ ಬಟವಾಡೆ ತಪ್ಪಿದರೆ ಸೋಮವಾರ ಇನ್ನೊಂದು ಶೆಡ್ಡಿನಲ್ಲಿ ಇರುತ್ತಾರೆ. ಶೆಡ್ಯೂಲ್ ಕೇಳುವವರಿಗೆ ಇದು ಕಾಣುವುದಿಲ್ಲ.

ಸಿಂಧನೂರು ಮನೆ:
ನನ್ನದೂ ಇದೇ ಗೋಳು. ಸ್ಲ್ಯಾಬ್ ಯುಗಾದಿಗೆ ಅಂದವನು ಗಣೇಶ ಹಬ್ಬ ಬಂದರೂ ಸೆಂಟ್ರಿಂಗ್ ಹಾಕಿಲ್ಲ. ಮುಂಗಡ ಪೂರ್ತಿ ಕೊಟ್ಟಾಗಿದೆ. ನಾನೂ 45 ದಿನದ ಕಾಯ್ದೆ ಹಾಕಿ ಬಡ್ಡಿ ಕೇಳಬಹುದಾ?

ಹಳೇ ಕಾಂಟ್ರಾಕ್ಟ್ಸ್:
ಇಲ್ಲ ಅಣ್ಣ, ಅದು ಮಾಲು ಅಥವಾ ಸೇವೆ ಕೊಟ್ಟ ಸಣ್ಣ ಉದ್ಯಮದವನಿಗೆ ದುಡ್ಡು ಬರಬೇಕಾದಾಗ ಇರುವ ಕಾಯ್ದೆ. ದುಡ್ಡು ಕೊಟ್ಟು ಕಾಯುವವರಿಗಲ್ಲ. ನೀವು ಗ್ರಾಹಕರ ಆಯೋಗದಲ್ಲಿ ಕೇಳಿ.

ಪ್ಲಾನಿಂಗ್ ಅಕ್ಕ:
ಬಿಲ್ ಜಗಳ ಬಿಡಿ. "42 ಟನ್" ಅಂತ ಎಲ್ಲರೂ ಹೇಳುತ್ತಿದ್ದೀರಿ. ಉಳಿದಿರುವ 42 ಟನ್ ಯಾವುದು?

ಗಿಣಿಗೇರಾ ಸೈಟ್:
ಟಿ-4, ಟಿ-5 ಟ್ರೆಸಲ್ ಸೇರಿ 16 ಟನ್. ಉಳಿದ 26 ಟನ್ ವಾಕ್‌ವೇ, ಹ್ಯಾಂಡ್‌ರೇಲ್, ಬ್ರೇಸಿಂಗ್, ಶೀಟ್ ಸಪೋರ್ಟ್. ಕಳೆದ ನಾಲ್ಕು ವಾರದಲ್ಲಿ 36 ಟನ್ ಕೊಟ್ಟಿದ್ದಾರೆ. ಆ ಲೆಕ್ಕಕ್ಕೆ ಐದು ವಾರದೊಳಗೆ ಮುಗಿಯಬೇಕು. ಮೂರು ವಾರದಲ್ಲಿ ಮುಗಿಸಿ ಅಂತ ಒತ್ತುತ್ತೇನೆ.

ಪ್ಲಾನಿಂಗ್ ಅಕ್ಕ:
"ಆ ಲೆಕ್ಕಕ್ಕೆ" ಅಂದಲ್ಲೇ ಎಡವುತ್ತೀರಿ. ಆ 36 ಟನ್ ದಪ್ಪ ಕಾಲಂ, ಗ್ಯಾಲರಿ ಟ್ರಸ್. ಒಂದೊಂದು ಪೀಸೇ ಟನ್‌ಗಟ್ಟಲೆ ತೂಗುತ್ತದೆ. ಟನ್ ಲೆಕ್ಕದಲ್ಲಿ ಬಿಲ್ ಆಗುವುದರಿಂದ ಶೆಡ್‌ನವರು ತೂಕದ ಪೀಸನ್ನೇ ಮೊದಲು ಹೊಡೆದು ಕಳಿಸುತ್ತಾರೆ. ಹ್ಯಾಂಡ್‌ರೇಲ್‌ನಲ್ಲಿ ಒಂದು ಟನ್‌ಗೆ ಎಷ್ಟು ಕಟಿಂಗ್, ಎಷ್ಟು ಜಾಯಿಂಟ್, ಎಷ್ಟು ಗ್ರೈಂಡಿಂಗ್ ಅಂತ ಒಮ್ಮೆ ಶೆಡ್ಡಿಗೆ ಹೋಗಿ ನೋಡಿ. ವಾರಕ್ಕೆ 9 ಟನ್ ಬರುವುದಿಲ್ಲ, ಅದರ ಅರ್ಧ ಬಂದರೆ ಹೆಚ್ಚು. "ವಾರಕ್ಕೆ 14 ಟನ್, ಮೂರು ವಾರ" ಅಂತ ಅವರು ಬರೆದುಕೊಟ್ಟರೂ ಅದು ಕಾಗದದ ಮೇಲಷ್ಟೇ.

ಪತ್ರದಲ್ಲಿ ಪೀಸ್ ಮಾರ್ಕ್ ಪ್ರಕಾರ ಪಟ್ಟಿ ಕೇಳಿ. ಪ್ರತಿ ಮಾರ್ಕ್ ಇವತ್ತು ಎಲ್ಲಿದೆ: ಪ್ಲೇಟ್ ಬಂದಿದೆಯಾ, ಕಟಿಂಗ್, ಫಿಟಪ್, ವೆಲ್ಡಿಂಗ್, ಬ್ಲಾಸ್ಟಿಂಗ್, ಪೇಂಟಿಂಗ್. ಆ ಪಟ್ಟಿ ನೋಡಿದ ತಕ್ಷಣ ಎಲ್ಲಿ ಗಂಟು ಬಿದ್ದಿದೆ ಅಂತ ಗೊತ್ತಾಗುತ್ತದೆ. ಇಪ್ಪತ್ತು ಪೀಸ್ ವೆಲ್ಡಿಂಗ್ ಮುಗಿದು ಬ್ಲಾಸ್ಟಿಂಗ್‌ಗೆ ಕಾಯುತ್ತಿದ್ದರೆ "ಇನ್ನೂ ಹತ್ತು ವೆಲ್ಡರ್ ಹಾಕುತ್ತೇವೆ" ಅನ್ನುವ ಭರವಸೆಯಿಂದ ಪ್ರಯೋಜನವಿಲ್ಲ. ಜೊತೆಗೆ ನಿಮ್ಮ ಎರೆಕ್ಷನ್ ಕ್ರಮ ಕೊಡಿ. ಟಿ-4 ಬರದಿದ್ದರೆ ಅದರ ಮೇಲಿನ ಗ್ಯಾಲರಿ ಕೂರಿಸಲಾಗದು. ಮೊದಲ ಲಾರಿಯಲ್ಲಿ ಹ್ಯಾಂಡ್‌ರೇಲ್ ಬಂದರೆ ಕ್ರೇನ್ ಬಾಡಿಗೆ ಸುಮ್ಮನೆ ಓಡುತ್ತದೆ.

ಬಳ್ಳಾರಿ ಶೆಡ್:
"ತೂಕದ ಪೀಸನ್ನೇ ಮೊದಲು" ಅಂತ ನಮ್ಮ ಮೇಲೆ ಹಾಕಬೇಡಿ. ಟನ್ ಲೆಕ್ಕದಲ್ಲಿ ಆರ್ಡರ್ ಮಾಡಿದವರು ನೀವು. ಹ್ಯಾಂಡ್‌ರೇಲ್‌ಗೆ ಬೇರೆ ರೇಟ್ ಕೇಳಿದರೆ ಪರ್ಚೇಸ್‌ನವರು ನಗುತ್ತಾರೆ. ಬ್ಲಾಸ್ಟಿಂಗ್ ಮಾತು ಮಾತ್ರ ನಿಜ. ಬ್ಲಾಸ್ಟ್ ಆದ ಪೀಸಿಗೆ ಅದೇ ಪಾಳಿಯಲ್ಲಿ ಪ್ರೈಮರ್ ಬೀಳಬೇಕು. ಗಾಳಿಯಲ್ಲಿ ತೇವ 85 ಪರ್ಸೆಂಟ್ ದಾಟಿದರೆ ನಿಮ್ಮ ಇನ್‌ಸ್ಪೆಕ್ಟರೇ ಪೇಂಟ್ ನಿಲ್ಲಿಸುತ್ತಾನೆ. ಸೆಪ್ಟೆಂಬರ್ ಮಳೆ ನಮ್ಮ ಕಡೆ ಹೇಗೆ ಅಂತ ಗೊತ್ತಿದ್ದೂ ಮೂರು ವಾರ ಅಂತೀರಿ.

ಗಿಣಿಗೇರಾ ಸೈಟ್:
"ಮಳೆ" ಅನ್ನುವುದು ಪ್ರತಿ ವರ್ಷದ ನೆಪ. ಆಗಸ್ಟ್ 30 ಅಂತ ಒಪ್ಪಿಕೊಂಡಾಗ ಮಳೆಗಾಲ ಗೊತ್ತಿರಲಿಲ್ಲವೇ?

ಬಳ್ಳಾರಿ ಶೆಡ್:
ಮೂರನೇ ಬಿಲ್ ಯಾವತ್ತು ಕೊಟ್ಟರು, ಲಿಖಿತ ತಕರಾರು ಯಾವತ್ತು ಕಳಿಸಿದಿರಿ? ಎರಡು ಸಲ ಕೇಳಿದೆ. ಉತ್ತರ ಬಂದಿಲ್ಲ.

ರಾಯಚೂರು ಎಲ್‌ಎಲ್‌ಬಿ:
ವಾಟ್ಸಾಪ್ ಕೂಡ ಲಿಖಿತವೇ. ಐಟಿ ಕಾಯ್ದೆ 2000, 4ನೇ ಸೆಕ್ಷನ್.

ಬಳ್ಳಾರಿ ಶೆಡ್:
ಹಾಗಾದರೆ ದಿನಾಂಕ ಹಾಕಿ ಸ್ವಾಮಿ. 15 ದಿನದೊಳಗಿನ ಮೆಸೇಜಾ, ಒಂದೂವರೆ ತಿಂಗಳ ನಂತರದ್ದಾ? ಆ ಉತ್ತರ ಬರುವವರೆಗೆ ನನ್ನ ಮಟ್ಟಿಗೆ ಆ ವೆಂಡರ್ ತಪ್ಪಿತಸ್ಥ ಅಲ್ಲ.

ಹಳೇ ಕಾಂಟ್ರಾಕ್ಟ್ಸ್:
ಬಿಲ್‌ನದು ಬೇರೆ ಖಾತೆ, ತಡದ್ದು ಬೇರೆ ಖಾತೆ. ಆದರೆ ಎರಡನ್ನೂ ಪತ್ರದಲ್ಲಿ ತೋರಿಸದಿದ್ದರೆ ವೆಂಡರ್ ಉತ್ತರದಲ್ಲಿ ಬರೆಯುವ ಮೊದಲ ಸಾಲೇ ಅದಾಗುತ್ತದೆ. ಟಿ-4ರ 11 ದಿನವನ್ನು ನೀವೇ ಬರೆಯಿರಿ, ಅದು ಟಿ-4ಕ್ಕೆ ಮಾತ್ರ ಅಂತಲೂ ಬರೆಯಿರಿ. ನೀವು ಮುಚ್ಚಿಟ್ಟರೆ ಅವನು ಅದನ್ನು 120 ಟನ್‌ಗೂ ಹಚ್ಚುತ್ತಾನೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಆರ್ಡರ್ ಪ್ರಕಾರ ಆಗಸ್ಟ್ 30ಕ್ಕೆ 120 ಟನ್ ಸೈಟಿಗೆ ತಲುಪಬೇಕಿತ್ತು. ಆ ದಿನಕ್ಕೆ 78 ಟನ್ ತಲುಪಿದೆ. ಟಿ-4 ಬೇಸ್ ಪ್ಲೇಟ್ ಬದಲಾವಣೆಗೆ ನಮ್ಮಿಂದ 11 ದಿನ ಆಗಿದೆ. ಅದು ಟಿ-4ಕ್ಕೆ ಮಾತ್ರ ಸಂಬಂಧಿಸಿದ್ದು. ಉಳಿದ ಪ್ರತಿ ಪೀಸ್ ಮಾರ್ಕ್‌ನ ಇಂದಿನ ಸ್ಥಿತಿ, ನಮ್ಮ ಎರೆಕ್ಷನ್ ಕ್ರಮದಲ್ಲಿ ಪ್ರತಿ ಲಾರಿಯ ದಿನಾಂಕ, ಅದಕ್ಕೆ ಹಾಕುವ ಫಿಟ್ಟರ್, ವೆಲ್ಡರ್, ಬ್ಲಾಸ್ಟಿಂಗ್ ಪಾಳಿಗಳ ವಿವರ ಇರುವ ರಿಕವರಿ ಶೆಡ್ಯೂಲನ್ನು 5 ದಿನದೊಳಗೆ ಕಳಿಸಿ. ನಮ್ಮಿಂದ ಏನಾದರೂ ಬಾಕಿ ಇದ್ದರೆ ಅದನ್ನೂ ಬರೆಯಿರಿ. ಶೆಡ್ಯೂಲನ್ನು ನಾವು ಪರಿಶೀಲಿಸುವುದರಿಂದಾಗಲಿ, ಇನ್ನು ಮುಂದೆ ಮಾಲು ತೆಗೆದುಕೊಳ್ಳುವುದರಿಂದಾಗಲಿ ಒಪ್ಪಂದದ ದಿನಾಂಕ ಬದಲಾಗುವುದಿಲ್ಲ. ತಡಕ್ಕೆ ಪರಿಹಾರ ಕೇಳುವ ಹಕ್ಕನ್ನು ನಾವು ಉಳಿಸಿಕೊಂಡಿದ್ದೇವೆ."

ಇನ್ನು ಮೇಲೆ ಬರುವ ಪ್ರತಿ ಲಾರಿಯ ಚಲನ್ ಮೇಲೂ ಕೊನೆಯ ಎರಡು ಸಾಲು ಬರೆಸಿ. ಮಾಲು ತೆಗೆದುಕೊಳ್ಳುವ ಹೊತ್ತಿಗೇ ನೋಟಿಸ್ ಇರಬೇಕು ಅಂತ 55 ಹೇಳುತ್ತದೆ. ಆಮೇಲೆ ಎಲ್‌ಡಿ ಲೆಕ್ಕ ಹಾಕುವಾಗ ಹೇಳಿದರೆ ಜಗಳವಾಗುತ್ತದೆ.

ಗಿಣಿಗೇರಾ ಸೈಟ್:
11 ದಿನ ನಾನೇ ಬರೆದುಕೊಟ್ಟರೆ ನಮ್ಮ ಜಿಎಂ ಸಹಿ ಹಾಕುವುದಿಲ್ಲ. ಆ ಸಾಲು ತೆಗೆದು ಉಳಿದದ್ದು ಕಳಿಸುತ್ತೇನೆ.

ಪ್ಲಾನಿಂಗ್ ಅಕ್ಕ:
ಆ ಸಾಲು ತೆಗೆದರೆ ಟಿ-4 ದಿನಾಂಕದ ಮೇಲೇ ಮೊದಲ ತಕರಾರು ಬರುತ್ತದೆ. ನಿಮ್ಮ ಎರೆಕ್ಷನ್ ಶುರುವಾಗಬೇಕಿರುವುದೂ ಅಲ್ಲಿಂದಲೇ.

ಬಳ್ಳಾರಿ ಶೆಡ್:
ವಾಟ್ಸಾಪ್ ದಿನಾಂಕ ಇನ್ನೂ ಬಂದಿಲ್ಲ.