11 ಪುಟದ ವಿವರವನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಶಿರಸಿ: ನಮ್ಮದು ಅಡಿಕೆ ವ್ಯಾಪಾರದ ಸಹಕಾರಿ ಸಂಘ. ಕಳೆದ ಟೆಂಡರ್ ದಿನ ಸರ್ವರ್ ಕೈಕೊಟ್ಟಿತು. ಯಾರು ಯಾವಾಗ ಏನು ಮಾಡಿದರು ಅಂತ ನಿಮಿಷ ನಿಮಿಷದ ವಿವರ ಬರೆದಿಟ್ಟಿದ್ದೇನೆ, 11 ಪುಟ ಆಗಿದೆ. ಜನರಲ್ ಮ್ಯಾನೇಜರ್ ಶನಿವಾರದ ಬೋರ್ಡ್ ಮೀಟಿಂಗಿಗೆ ಒಂದೇ ಪುಟ ಕೇಳಿದ್ದಾರೆ. ಯಾವುದನ್ನು ಬಿಡಲಿ, ಯಾವುದನ್ನು ಇಡಲಿ?

ಹೊನ್ನಾವರದಿಂದ: ಸುಲಭ ಇದೆ. ಬೆಳಿಗ್ಗೆಯಿಂದ ಸಂಜೆವರೆಗೆ ಸಮಯದ ಕ್ರಮದಲ್ಲೇ ಇಡಿ, ಪ್ರತಿ ಸಾಲನ್ನೂ ಚಿಕ್ಕದು ಮಾಡಿ. ಫೋನ್ ಮಾಡಿದ್ದು, ಎತ್ತದೇ ಇದ್ದದ್ದು, ಮತ್ತೆ ಮಾಡಿದ್ದು ಎಲ್ಲ ಸೇರಿ ಒಂದು ಸಾಲು. ಕೊನೆಗೆ ಕಾರಣ ಬರೆಯಿರಿ. ನಾನು ಆಸ್ಪತ್ರೆ ಆಫೀಸಿನಲ್ಲಿ ಹೀಗೇ ಮಾಡುತ್ತಿದ್ದೆ.

ಕಾರವಾರದಿಂದ: ಫೋನ್ ಕರೆಗಳನ್ನು ಒಂದು ಸಾಲಿಗೆ ಇಳಿಸುವುದು ಸರಿ. ಆದರೆ ಕಾರಣ ಕೊನೆಗೆ ಬೇಡ. ಬೋರ್ಡಿಗೆ ಹೋಗುವವರು ಪುಟದ ಮೇಲಿನ ನಾಲ್ಕು ಸಾಲು ಓದುತ್ತಾರೆ, ಉಳಿದದ್ದನ್ನು ಯಾರಾದರೂ ಪ್ರಶ್ನೆ ಕೇಳಿದಾಗ ನೋಡುತ್ತಾರೆ. ನಾನು ಬೆಂಗಳೂರಿನಲ್ಲಿ ಬಹಳ ವರ್ಷ ಒಂದು ಡೇಟಾ ಸೆಂಟರ್ ನೋಡಿಕೊಂಡವನು. ಇಂಥ ಪುಟಗಳನ್ನು ಬರೆದಿದ್ದೇನೆ, ಬೇರೆಯವರು ಬರೆದದ್ದನ್ನು ತಿದ್ದಿಯೂ ಇದ್ದೇನೆ.

ತಂಗಿ, ಮೊದಲು ಒಂದು ಹೇಳಿ. ಸರ್ವರ್ ಲಾಗ್‌ನಲ್ಲಿ ಮೊದಲ ಎರರ್ ಎಷ್ಟು ಹೊತ್ತಿಗೆ ಬಂದಿದೆ? ನಿಮ್ಮ ವಿವರದಲ್ಲಿ ಅದನ್ನು ಹೇಗೆ ಬರೆದಿದ್ದೀರಿ?

ಕೇಳಿದವರು: ಲಾಗ್‌ನಲ್ಲಿ ಇರುವುದು ಇದು ಸರ್:

```
03:22:41 UTC ERROR:  could not extend file "base/16384/24601": No space left on device
```

ನಾನು ಬೆಳಗಿನ ಜಾವ 3:22 ಅಂತಲೇ ಬರೆದಿದ್ದೇನೆ. ತೂಕದ ಕೌಂಟರ್‌ನಿಂದ ಮೊದಲ ಫೋನ್ ಬಂದದ್ದು 9:10ಕ್ಕೆ. 10:05ಕ್ಕೆ ರೀಸ್ಟಾರ್ಟ್ ಮಾಡಿದೆವು, ಸರಿಯಾಯ್ತು. 10:40ಕ್ಕೆ ಮತ್ತೆ ನಿಂತಿತು. 10:45ರಿಂದ ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡುತ್ತಲೇ ಇದ್ದೆವು, 12:30ಕ್ಕೆ ಸಿಕ್ಕರು. 12:50ಕ್ಕೆ ಡಿಸ್ಕ್ ತುಂಬಿದ್ದು ಗೊತ್ತಾಯ್ತು. ಹಳೆ ಬ್ಯಾಕಪ್ ಫೈಲ್‌ಗಳನ್ನು ಬೇರೆ ಕಡೆ ಹಾಕಿ 1:15ಕ್ಕೆ ಶುರು ಮಾಡಿದರು.

ಕಾರವಾರದಿಂದ: ನಾನು ಅಂದುಕೊಂಡದ್ದೇ. ಆ UTC ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. 03:22 ಅಂದರೆ ನಮ್ಮ 8:52. ಹಾಗೇ ಬಿಟ್ಟಿದ್ದರೆ ಬೋರ್ಡಿನಲ್ಲಿ ಮೊದಲ ಪ್ರಶ್ನೆ "ಜಾವ ಮೂರು ಗಂಟೆಯಿಂದ ಕೆಟ್ಟಿತ್ತು, ಆರು ಗಂಟೆ ಯಾರೂ ನೋಡಲಿಲ್ವಾ?" ಎಂದೇ ಬರುತ್ತಿತ್ತು. ನಿಜವಾಗಿ ತಡವಾದದ್ದು 18 ನಿಮಿಷ. ಲಾಗ್, ವಾಟ್ಸಾಪ್, ಫೋನ್‌ನ ಕರೆಪಟ್ಟಿ ಮೂರನ್ನೂ ಒಂದೇ ಗಡಿಯಾರಕ್ಕೆ ತನ್ನಿ. ಆಮೇಲೇ ಚಿಕ್ಕದು ಮಾಡಲು ಕೂತ್ಕೊಳ್ಳಿ.

ಇನ್ನು ಯಾವ ಸಾಲು ಉಳಿಯಬೇಕು ಅನ್ನೋದು. ಒಂದು ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿ ನೋಡಿ. ಅದಿಲ್ಲದೆಯೂ ಏನು ಕೆಟ್ಟಿತು, ಯಾರು ಏನು ತೀರ್ಮಾನ ಮಾಡಿದರು, ಹೊತ್ತು ಎಲ್ಲಿ ಹೋಯಿತು ಅನ್ನೋದು ತಿಳಿಯುತ್ತದಾ? ತಿಳಿದರೆ ಆ ಸಾಲು ಬೇಡ. ನಿಮ್ಮ ವಿವರದಲ್ಲಿ ಹೀಗೆ ಆರು ಸಾಲು ಉಳಿದರೆ ಹೆಚ್ಚು.

ರೀಸ್ಟಾರ್ಟ್‌ನ ಸಾಲನ್ನು ಮಾತ್ರ ಬಿಡಬೇಡಿ. ಅದು ಯಾಕೆ ಅರ್ಧ ಗಂಟೆ ನಡೆಯಿತು ಗೊತ್ತಾ? ಬಹುಶಃ ರೀಸ್ಟಾರ್ಟ್ ಆದಾಗ ತಾತ್ಕಾಲಿಕ ಫೈಲ್‌ಗಳು ಅಳಿದು ಸ್ವಲ್ಪ ಜಾಗ ಸಿಕ್ಕಿದೆ, ಅದೂ ತುಂಬಿದ ಮೇಲೆ ಮತ್ತೆ ನಿಂತಿದೆ. ಸಾಫ್ಟ್‌ವೇರ್‌ನವರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. ಅದನ್ನು "ಸರಿಯಾಯ್ತು" ಅಂತ ಬರೆದರೆ ತಪ್ಪು. "35 ನಿಮಿಷ ನಡೆದು ಮತ್ತೆ ನಿಂತಿತು" ಅಂತ ಬರೆಯಿರಿ.

ಗಂಟೆಗಳ ಬದಲು ನಡುವಿನ ಅಂತರವನ್ನೂ ನೋಡಿ. ಕಾರಣ ಗೊತ್ತಾದ ಮೇಲೆ ಸರಿಮಾಡಲು ಹಿಡಿದದ್ದು 25 ನಿಮಿಷ. ಫೋನ್ ಎತ್ತಲಿ ಅಂತ ಕಾದದ್ದು ಒಂದೂ ಮುಕ್ಕಾಲು ಗಂಟೆ. 11 ಪುಟದಲ್ಲಿ ಈ ಕಾಯುವಿಕೆ ಬರೀ ಎರಡು ಸಾಲಿನ ನಡುವಿನ ಖಾಲಿ ಜಾಗ, ಏಕೆಂದರೆ ಆಗ ಏನೂ ನಡೆಯಲಿಲ್ಲ, ನಡೆಯದ್ದನ್ನು ಯಾರೂ ಬರೆಯುವುದಿಲ್ಲ. ಜನರಲ್ ಮ್ಯಾನೇಜರಿಗೆ ಬೇಕಾದದ್ದು ಅದೇ.

ಅಂಕೋಲಾದಿಂದ: ಒಂದು ನಿಮಿಷವನ್ನೂ ಬಿಡಬೇಡಿ ಮಾರಾಯ್ರೆ! ನಮ್ಮ ಐಸ್ ಪ್ಲಾಂಟಿನಲ್ಲಿ ಮಳೆಗಾಲದಲ್ಲಿ ಕರೆಂಟ್ ಏರುಪೇರಾಗಿ ಕಂಪ್ರೆಸರ್ ಮೋಟಾರ್ ಸುಟ್ಟಿತು. ಇನ್ಶುರೆನ್ಸ್‌ನವರು ಎಷ್ಟು ಹೊತ್ತಿಗೆ ಕರೆಂಟ್ ಹೋಯ್ತು, ಎಷ್ಟಕ್ಕೆ ಬಂತು, ಯಾರು ನೋಡಿದರು ಅಂತ ಒಂದೊಂದೂ ಕೇಳಿದರು. ಪರಿಹಾರ ಬೇಕಾದರೆ ಪೂರ್ತಿ ಕೊಡಿ.

ಕಾರವಾರದಿಂದ: ಅಣ್ಣಾ, ಇವರು ಕೇಳಿದ್ದು ಪರಿಹಾರದ ಅರ್ಜಿ ಅಲ್ಲ. ಆದರೂ ನಿಮ್ಮ ಮಾತಿನಲ್ಲಿ ಒಂದು ಉಪಯೋಗದ ವಿಷಯ ಇದೆ. 11 ಪುಟವನ್ನು ತಿದ್ದದೆ, ಅಳಿಸದೆ ಹಾಗೇ ಇಡಬೇಕು. ಒಂದು ಪುಟದ ಆರು ಸಾಲಿನ ಪಕ್ಕ ಮೂಲದ ಪುಟಸಂಖ್ಯೆ ಹಾಕಿದರೆ, ಯಾರಾದರೂ ಕೇಳಿದಾಗ ತಕ್ಷಣ ತೆಗೆದು ತೋರಿಸಬಹುದು. ನಿಮ್ಮ ಪ್ಲಾಂಟಿನ ಮಾಲೀಕರು ಆ ದಿನ ಮೊದಲು ಏನು ಕೇಳಿದರು?

ಅಂಕೋಲಾದಿಂದ: ನಾಳೆ ಬೆಳಿಗ್ಗೆ ಬೋಟಿನವರಿಗೆ ಎಷ್ಟು ಐಸ್ ಕೊಡಬಹುದು ಅಂತ. ಮೋಟಾರಿನ ವಿಷಯ ಆಮೇಲೆ ಕೇಳಿದ್ದು.

ಕೇಳಿದವರು: ಎಲ್ಲ ಓದಿ ಮೇಲಿನ ಭಾಗ ಹೀಗೆ ಬರೆದೆ. ನೋಡಿ ಹೇಳಿ.

"ಟೆಂಡರ್ ದಿನ ಬೆಳಿಗ್ಗೆ 8:52ರಿಂದ ಮಧ್ಯಾಹ್ನ 1:15ರವರೆಗೆ, ನಡುವೆ 35 ನಿಮಿಷ ಬಿಟ್ಟು, ಲಾಟ್‌ಗಳು ದಾಖಲಾಗಲಿಲ್ಲ. ದರ ಘೋಷಣೆ ಸಂಜೆ 5ಕ್ಕೆ ಆಯಿತು. ಸದಸ್ಯರ ಹಣ ಮರುದಿನ ಮಧ್ಯಾಹ್ನದೊಳಗೆ ಜಮಾ ಆಗಿದೆ. ಯಾವ ದಾಖಲೆಯೂ ಕಳೆದಿಲ್ಲ. ಹಳೆ ಬ್ಯಾಕಪ್ ಫೈಲ್‌ಗಳು ಅಳಿಯದೆ ಡಿಸ್ಕ್ ತುಂಬಿದ್ದು ಕಾರಣ. ಮುಂದೆ ಹೀಗಾಗದಂತೆ ಕ್ರಮ ಕೈಗೊಳ್ಳಲಾಗಿದೆ."

ಕಾರವಾರದಿಂದ: ಚೆನ್ನಾಗಿದೆ. ಎರಡು ಕಡೆ ಹಿಡಿಯುತ್ತೇನೆ. "ಯಾವ ದಾಖಲೆಯೂ ಕಳೆದಿಲ್ಲ" ಅನ್ನುವುದು ಹೇಗೆ ಗೊತ್ತಾಯ್ತು? ತೂಕದ ಚೀಟಿ ಮತ್ತು ಕಂಪ್ಯೂಟರ್ ಲಾಟ್ ಪಟ್ಟಿ ತಾಳೆ ಹಾಕಿದ್ದರೆ ಅದನ್ನೇ ಬರೆಯಿರಿ. ಹಾಕಿಲ್ಲದಿದ್ದರೆ ಶುಕ್ರವಾರದೊಳಗೆ ಹಾಕಿ, ಸದಸ್ಯರು ಕೇಳುವುದು ಅದನ್ನೇ ಅಲ್ವಾ?

ಕೊನೆಯ ವಾಕ್ಯ ತೆಗೆಯಿರಿ. ಯಾವ ಕ್ರಮ? ಬ್ಯಾಕಪ್ ತಾನಾಗಿ ಅಳಿಯುವುದು ಯಾಕೆ ನಿಂತಿತು ಅಂತ ಗೊತ್ತಾಗಿದೆಯಾ?

ಕೇಳಿದವರು: ತಾಳೆ ಹಾಕಿದ್ದೇವೆ, ಅದನ್ನು ಸೇರಿಸುತ್ತೇನೆ. ಯಾಕೆ ನಿಂತಿತು ಅಂತ ಇನ್ನೂ ಗೊತ್ತಿಲ್ಲ ಸರ್.

ಕಾರವಾರದಿಂದ: ಹಾಗಾದರೆ ಗೊತ್ತಿಲ್ಲ ಅಂತಲೇ ಬರೆಯಿರಿ. "ಕಾರಣ ಸಿಗುವವರೆಗೆ ಪ್ರತಿ ಟೆಂಡರಿನ ಹಿಂದಿನ ಸಂಜೆ ಡಿಸ್ಕ್ ಜಾಗ ಕೈಯಾರೆ ನೋಡುತ್ತೇವೆ" ಅಂತ ಸೇರಿಸಿ, ನೋಡುವವರು ಯಾರು ಅಂತಲೂ ಹಾಕಿ. ಅದರ ಕೆಳಗೆ ಬೋರ್ಡಿನಿಂದ ಏನು ಬೇಕು ಅಂತ ಒಂದು ಸಾಲು. ನನಗೆ ಕಂಡಂತೆ ಬೇಕಾದ್ದು ಟೆಂಡರ್ ದಿನ ಬೆಳಿಗ್ಗೆ ಎಂಟರಿಂದ ಸಾಫ್ಟ್‌ವೇರ್‌ನವರ ಒಬ್ಬರು ಫೋನಿಗೆ ಸಿಗಲೇಬೇಕು ಅನ್ನುವ ಕರಾರಿಗೆ ಒಪ್ಪಿಗೆ. ಒಂದೂ ಮುಕ್ಕಾಲು ಗಂಟೆ ಕಾದ ಸಾಲು ಆ ಬೇಡಿಕೆಗೆ ಆಧಾರ.

ಕುಮಟಾದಿಂದ: ಫೋನ್ ಎತ್ತದವರ ಹೆಸರೂ ಹಾಕಿ. ಇಲ್ಲದಿದ್ದರೆ ತಪ್ಪು ನಿಮ್ಮ ಸಿಬ್ಬಂದಿ ಮೇಲೆ ಬರುತ್ತದೆ.

ಕಾರವಾರದಿಂದ: ನಾನು ಹಾಕುವುದಿಲ್ಲ. "ಸಾಫ್ಟ್‌ವೇರ್ ಸಂಸ್ಥೆ" ಅಂದರೆ ಸಾಕು. ಹೆಸರು ಬಂದರೆ ಮೀಟಿಂಗಿನ ಅರ್ಧ ಹೊತ್ತು ಆ ಮನುಷ್ಯನ ಸುತ್ತಲೇ ಹೋಗುತ್ತದೆ, ಕರಾರಿನ ಮಾತು ಉಳಿದೇ ಹೋಗುತ್ತದೆ.

ಕುಮಟಾದಿಂದ: ಒಪ್ಪುವುದಿಲ್ಲ ಸರ್. ನಮ್ಮ ಸಂಘದಲ್ಲಿ ಹೆಸರಿಲ್ಲದ ವರದಿ ಹೋದಾಗ ಬೈಗುಳ ತಿಂದದ್ದು ಕೌಂಟರ್ ಹುಡುಗ.

ಕೇಳಿದವರು: ನಮ್ಮಲ್ಲೂ ಹಾಗಾಗಬಹುದು. ಕೌಂಟರಿನವರು 9:10ಕ್ಕೇ ತಿಳಿಸಿದರು ಅನ್ನುವ ಸಾಲನ್ನು ಆರರಲ್ಲಿ ಒಂದಾಗಿ ಇಡುತ್ತೇನೆ. ಆ ಕಡೆಯವರ ಹೆಸರಿನ ವಿಷಯ ನಾಳೆ ಮ್ಯಾನೇಜರ್ ಹತ್ತಿರವೇ ಕೇಳುತ್ತೇನೆ.