ಬೆಲ್ಲ ಮಾರಿದ್ದು ಒಮ್ಮೆ, ನಾಣ್ಯ ಬಂದಿದ್ದು ಎರಡು ಸಲ

ಪ್ರಶ್ನೆ (ಜಮಖಂಡಿಯಿಂದ): ಬೆಲ್ಲದ ಗಾಣ ನಡೆಸುವ ಒಂದು ಮೊಬೈಲ್ ಆಟ ಮಾಡಿದ್ದೇನೆ. ನೆಟ್ ಇಲ್ಲದಿದ್ದರೂ ಆಡಬಹುದು. ಆಡಿದ್ದೆಲ್ಲ ಫೋನಿನಲ್ಲೇ ಸರದಿಯಲ್ಲಿ ಕೂತಿರುತ್ತದೆ, ನೆಟ್ ಬಂದ ಮೇಲೆ ಸರ್ವರ್‌ಗೆ ಹೋಗುತ್ತದೆ. ಇಲ್ಲಿ ಊರಲ್ಲಿ ಏನೂ ತೊಂದರೆ ಇಲ್ಲ. ಖಾನಾಪುರದಾಚೆ ಕಣಕುಂಬಿ ಕಡೆ ಆಡುವವರಿಗೆ ಮಾತ್ರ ಒಮ್ಮೆ ಬೆಲ್ಲ ಮಾರಿದರೆ ಎರಡು ಸಲ ನಾಣ್ಯ ಬರುತ್ತಿದೆ. ಕಳಿಸುವ ಪ್ರತಿಯೊಂದಕ್ಕೂ ಯುಯುಐಡಿ ಹಾಕಿದ್ದೇನೆ. ಆದರೂ ಯಾಕೆ ಹೀಗೆ? ಒಂದೇ ಖಾತೆಯನ್ನು ಎರಡು ಫೋನಿನಲ್ಲಿ ಆಡಿದರೆ ಏನು ಮಾಡೋದು?

ಅಥಣಿಯಿಂದ ಒಬ್ಬರು: ಕಳಿಸುವ ಮೊದಲು ನೆಟ್ ನಿಜವಾಗಿ ಇದೆಯಾ ಅಂತ ನೋಡಿ. ಆಂಡ್ರಾಯ್ಡ್‌ನಲ್ಲಿ `NET_CAPABILITY_VALIDATED` ಇದೆಯಲ್ಲ, ಅದು ಇದ್ದರೆ ಮಾತ್ರ ಕಳಿಸಿ. ಎರಡು ಫೋನಿನ ವಿಷಯಕ್ಕೆ, ಯಾವುದರ ಸಮಯ ಹೊಸದೋ ಅದನ್ನು ಇಟ್ಟುಕೊಳ್ಳಿ, ಮುಗಿಯಿತು.

ಉತ್ತರ (ಬೆಳಗಾವಿ, ಆಟಗಳ ಸರ್ವರ್ ಕೆಲಸ ಮಾಡುವವರು): ಅಥಣಿಯವರು ಹೇಳಿದ ಮೊದಲ ಮಾತು ಒಳ್ಳೆಯದೇ. ಸುಮ್ನೆ ಕಳಿಸಿ ಬ್ಯಾಟರಿ ಸುಡುವುದು ತಪ್ಪುತ್ತದೆ. ಆದರೆ ನಾಣ್ಯ ಎರಡಾಗುವುದನ್ನು ಅದು ತಡೆಯುವುದಿಲ್ಲ. ನೀವು ಕಳಿಸುವಾಗ ನೆಟ್ ಇದ್ದೇ ಇರುತ್ತದೆ. ಸರ್ವರ್‌ಗೆ ಮಾತು ಮುಟ್ಟುತ್ತದೆ, ಅದು 120 ನಾಣ್ಯ ಸೇರಿಸುತ್ತದೆ. "ಆಯ್ತು" ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ಬಸ್ಸು ತಿರುವು ದಾಟಿರುತ್ತದೆ, ಸಿಗ್ನಲ್ ಹೋಗಿರುತ್ತದೆ. ಫೋನಿಗೆ ಗೊತ್ತಾಗುವುದು ಉತ್ತರ ಬರಲಿಲ್ಲ ಅಂತ ಅಷ್ಟೇ. ಹೋಗಲೇ ಇಲ್ಲವೋ, ಹೋಗಿ ಉತ್ತರ ಕಳೆಯಿತೋ, ಅಲ್ಲಿಂದ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ಮತ್ತೆ ಕಳಿಸಲೇಬೇಕು.

ಈಗ ಒಂದು ಹೇಳಿ. ಆ ಯುಯುಐಡಿ ನಿಮ್ಮ ಕೋಡ್‌ನಲ್ಲಿ ಎಲ್ಲಿ ಹುಟ್ಟುತ್ತದೆ?

ಜಮಖಂಡಿ: ಕಳಿಸುವ ಫಂಕ್ಷನ್ ಒಳಗೆ, ಮೇಡಂ. ಹೆಡರ್ ಕಟ್ಟುವಾಗ.

ಬೆಳಗಾವಿ: ಹಾಗಾದರೆ ಕಳ್ಳ ಅಲ್ಲೇ ಇದ್ದಾನೆ. ಪ್ರತಿ ಸಲ ಕಳಿಸುವಾಗ ಹೊಸ ಐಡಿ ಹುಟ್ಟುತ್ತದೆ, ಸರ್ವರ್‌ಗೆ ಅದು ಹೊಸ ಮಾರಾಟದಂತೆ ಕಾಣುತ್ತದೆ. ಆಟಗಾರ "ಮಾರು" ಒತ್ತಿದ ಗಳಿಗೆಯಲ್ಲೇ ಐಡಿ ಹುಟ್ಟಬೇಕು. ಬೆಲ್ಲ ಕಡಿಮೆ ಮಾಡುವುದು, ಐಡಿ ಸಮೇತ ಸರದಿಗೆ ಒಂದು ಸಾಲು ಸೇರಿಸುವುದು, ಎರಡೂ ಎಸ್‌ಕ್ಯೂಲೈಟ್‌ನ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗಲಿ. ನಡುವೆ ಫೋನ್ ಆಫ್ ಆದರೆ ಎರಡೂ ಇರುವುದಿಲ್ಲ, ಇಲ್ಲವೇ ಎರಡೂ ಇರುತ್ತವೆ. ಆಮೇಲೆ ಎಷ್ಟು ಸಲ ಕಳಿಸಿದರೂ ಅದೇ ಐಡಿ.

ಸರ್ವರ್‌ನಲ್ಲೂ "ಈ ಐಡಿ ನೋಡಿದ್ದೇನಾ" ಅಂತ ಮೊದಲು ಕೇಳಿ ಆಮೇಲೆ ನಾಣ್ಯ ಸೇರಿಸಬೇಡಿ. ಎರಡು ಪ್ರತಿ ಒಟ್ಟಿಗೆ ಬಂದರೆ ಎರಡಕ್ಕೂ "ನೋಡಿಲ್ಲ" ಅಂತಲೇ ಉತ್ತರ ಸಿಗುತ್ತದೆ. ಪೋಸ್ಟ್‌ಗ್ರೆಸ್ ಆದರೆ ಒಂದೇ ಏಟಿಗೆ ಮಾಡಬಹುದು. `op_id` ಪ್ರೈಮರಿ ಕೀ ಆಗಿರಬೇಕು:

```sql
WITH n AS (
  INSERT INTO applied_ops (op_id, player_id, delta)
  VALUES ($1, $2, $3)
  ON CONFLICT (op_id) DO NOTHING
  RETURNING player_id, delta
)
UPDATE players p SET coins = p.coins + n.delta
FROM n WHERE p.id = n.player_id;
```

ಹಳೆಯ ಐಡಿ ಬಂದರೆ `n` ಖಾಲಿ, ನಾಣ್ಯ ಸೇರುವುದಿಲ್ಲ. ಆದರೂ ಫೋನಿಗೆ "ಆಯ್ತು" ಅಂತಲೇ ಉತ್ತರ ಕೊಡಿ. ತಪ್ಪು ಅಂತ ಕೊಟ್ಟರೆ ಆ ಸಾಲು ಸರದಿಯಲ್ಲೇ ಕೂತು ಹಿಂದಿನದನ್ನೆಲ್ಲ ತಡೆಯುತ್ತದೆ. ಇನ್ನೊಂದು, ಆ `$3` ಫೋನಿನಿಂದ ಬರಬಾರದು. ಫೋನ್ "10 ಪೆಂಟಿ ಮಾರಿದೆ" ಅಂತ ಹೇಳಲಿ, ಎಷ್ಟು ನಾಣ್ಯ ಅನ್ನುವುದನ್ನು ಸರ್ವರ್ ಲೆಕ್ಕ ಹಾಕಲಿ. ಇಲ್ಲದಿದ್ದರೆ ಯಾರೋ ಒಬ್ಬ ಹುಡುಗ 10 ಪೆಂಟಿಗೆ ಹತ್ತು ಲಕ್ಷ ಬರೆದು ಕಳಿಸುತ್ತಾನೆ.

ಪರೀಕ್ಷೆಗೆ ಏರೋಪ್ಲೇನ್ ಮೋಡ್ ಸಾಲದು. ಅದರಲ್ಲಿ "ಹೋಗಲೇ ಇಲ್ಲ" ಅನ್ನುವ ಕಥೆ ಮಾತ್ರ ಕಾಣುತ್ತದೆ. ಸರ್ವರ್‌ನ ಪರೀಕ್ಷಾ ಪ್ರತಿಯಲ್ಲಿ ಒಂದು ಸ್ವಿಚ್ ಇಡಿ. ಡೇಟಾಬೇಸ್‌ಗೆ ಕಮಿಟ್ ಆದ ಮೇಲೆ, ಉತ್ತರ ಕೊಡದೆ ಸಂಪರ್ಕ ಕಡಿಯಬೇಕು. ಕಣಕುಂಬಿಗೆ ಹೋಗದೆ ಕಣಕುಂಬಿ ಸಿಗುತ್ತದೆ.

ಇಂಡಿಯಿಂದ ಒಬ್ಬ ಮೇಷ್ಟ್ರು: ನಮ್ಮ ಶಾಲೆ ಮಕ್ಕಳಿಗೆ ಲೆಕ್ಕದ ಆಟ ಮಾಡಿದ್ದೇನೆ. ಅದರಲ್ಲಿ ಸರ್ವರ್‌ಗೆ ಹೋಗುವುದು ಅತಿ ಹೆಚ್ಚು ಅಂಕ ಮತ್ತು ತೆರೆದ ಹಂತಗಳು ಅಷ್ಟೇ. ನಾನೂ ಇಷ್ಟೆಲ್ಲ ಮಾಡಬೇಕಾ? ನೋಡಿಯೇ ಗಾಬರಿ ಆಯಿತು.

ಬೆಳಗಾವಿ: ಬೇಡ ಸರ್. 85 ಅಂಕ ಒಮ್ಮೆ ಬಂದರೂ ಹತ್ತು ಸಲ ಬಂದರೂ ದೊಡ್ಡದು 85. ಇರುವುದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಬರೆಯಿರಿ. ಹಂತಗಳಲ್ಲಿ ಯಾವ ಫೋನಿನಲ್ಲಿ ತೆರೆದಿದ್ದರೂ ತೆರೆದ ಹಾಗೇ ಅಂತ ಕೂಡಿಸಿ. ಎರಡು ಸಲ ಸೇರಿದರೆ ಕೆಡುವಂಥ ಲೆಕ್ಕಕ್ಕೆ ಮಾತ್ರ ಈ ಪಾಡು.

ಜಮಖಂಡಿಯವರ ಎರಡನೇ ಪ್ರಶ್ನೆಗೆ ಬರುತ್ತೇನೆ. "ಹೊಸ ಸಮಯದ್ದು ಉಳಿಯಲಿ" ಅನ್ನುವುದು ಸದ್ದು, ಭಾಷೆ ಥರದ ಸೆಟ್ಟಿಂಗ್‌ಗೆ ಸಾಕು. ನಾಣ್ಯಕ್ಕೆ ಅಲ್ಲ. ಅಣ್ಣ ಮೂರು ದಿನ ನೆಟ್ ಇಲ್ಲದೆ ಆಡಿರುತ್ತಾನೆ, ತಮ್ಮ ಇನ್ನೊಂದು ಫೋನಿನಲ್ಲಿ ಎರಡು ನಿಮಿಷ ತೆರೆದು ಮುಚ್ಚುತ್ತಾನೆ. ಅಣ್ಣನ ಮೂರು ದಿನ ಹೋಯಿತು. ಮೇಲಾಗಿ ಫೋನಿನ ದಿನಾಂಕ ಮುಂದೆ ಮಾಡಿಕೊಂಡು ಕಬ್ಬು ಬೇಗ ಬೆಳೆಸುವವರು ಇದ್ದೇ ಇರುತ್ತಾರೆ, ಆ ಸಮಯವನ್ನು ನಂಬುವುದು ಹೇಗೆ?

ಉದಾಹರಣೆಗೆ ಖಾತೆಯಲ್ಲಿ 150 ನಾಣ್ಯ ಇದೆ. ಅಣ್ಣ 100ಕ್ಕೆ ಎತ್ತು ಕೊಂಡ, ತಮ್ಮ 120ಕ್ಕೆ ಕೊಪ್ಪರಿಗೆ ಕೊಂಡ. ಇಬ್ಬರಿಗೂ ನೆಟ್ ಇಲ್ಲ, ಇಬ್ಬರ ಪರದೆಯಲ್ಲೂ ಸರಿಯಾಗಿಯೇ ಇದೆ. ಅಣ್ಣನದು ಮೊದಲು ಮುಟ್ಟಿತು, 50 ಉಳಿಯಿತು. ತಮ್ಮನದು ಬಂದಾಗ 70 ಕಡಿಮೆ ಬೀಳುತ್ತದೆ. ಕೊಪ್ಪರಿಗೆ ಕಿತ್ತುಕೊಂಡರೆ ಅದರಲ್ಲಿ ಕುದಿಸಿದ ಬೆಲ್ಲ, ಆ ಬೆಲ್ಲ ಮಾರಿದ ನಾಣ್ಯ, ಸರದಿಯಲ್ಲಿ ಹಿಂದೆ ಇರುವುದೆಲ್ಲ ಬುಡಮೇಲು. ನಾನಾದರೆ ಲೆಕ್ಕ −70 ಆಗಲು ಬಿಡುತ್ತೇನೆ. ಸಾಲ ತೀರುವವರೆಗೆ ಹೊಸದು ಕೊಳ್ಳುವಂತಿಲ್ಲ, ಅಷ್ಟೇ. ನಿಜವಾದ ದುಡ್ಡು ಕೊಟ್ಟು ಕೊಳ್ಳುವುದನ್ನು ಮಾತ್ರ ನೆಟ್ ಇದ್ದಾಗಲೇ ಮಾಡಿಸಿ.

ವಿಜಯಪುರದಿಂದ ಒಬ್ಬರು: ಇದು ನನಗೆ ಒಪ್ಪಿಗೆಯಿಲ್ಲ ಮೇಡಂ. ಒಂದೇ ಖಾತೆಯನ್ನು ಹತ್ತು ಗೆಳೆಯರು ಹಂಚಿಕೊಂಡು, ಹತ್ತು ಫೋನಿನಲ್ಲೂ ಅದೇ 150 ಖರ್ಚು ಮಾಡುತ್ತಾರೆ. ಸಾಲ ಆದರೆ ಆ ಖಾತೆ ಬಿಟ್ಟು ಹೊಸದು ಮಾಡುತ್ತಾರೆ. ನಾನು ಖರೀದಿಯನ್ನು ತಿರಸ್ಕರಿಸಿ, ಅದರ ಮೇಲೆ ನಿಂತದ್ದನ್ನೂ ಕಿತ್ತು ಹಾಕುತ್ತೇನೆ. ಬೈಗುಳ ತಿಂದಿದ್ದೇನೆ, ನಿಜ.

ಬೆಳಗಾವಿ: ಆಟಗಾರರು ಒಬ್ಬರಿಗೊಬ್ಬರು ಸರಕು ಕೊಡುವ ಆಟವಾದರೆ ನಿಮ್ಮ ದಾರಿಯೇ ಸರಿ, ಮೋಸದ ಬೆಲ್ಲ ಬೇರೆಯವರ ಮನೆಗೆ ಹೋಗುತ್ತದೆ. ಒಬ್ಬೊಬ್ಬರೇ ಆಡುವ ಗಾಣದಲ್ಲಿ ಸಾಲಕ್ಕೊಂದು ಮಿತಿ, ಒಂದು ಖಾತೆಗೆ ಎರಡೋ ಮೂರೋ ಫೋನ್ ಅಂತ ಇಟ್ಟರೆ ಸಾಕು ಅಂತ ನನಗನಿಸುತ್ತದೆ.

ವಿಜಯಪುರ: ಇವತ್ತು ಒಬ್ಬೊಬ್ಬರೇ ಆಡುತ್ತಾರೆ. ನಾಳೆ ಸಂತೆ ಸೇರಿಸಿ ಅಂತ ಕೇಳುವುದು ಇದೇ ಆಟಗಾರರೇ.

ಜಮಖಂಡಿ: ಸಂತೆ ಸೇರಿಸುವ ಯೋಚನೆ ಇದೆ ಸರ್, ಅದಕ್ಕೇ ಇನ್ನೂ ಗೊಂದಲದಲ್ಲಿದ್ದೇನೆ. ಮೇಡಂ, ಐಡಿ ಹುಟ್ಟುವ ಜಾಗ ಬದಲಿಸಿ, ಉತ್ತರ ಕಡಿಯುವ ಸ್ವಿಚ್ ಹಾಕಿ ನೋಡಿದೆ, ಈಗ ಒಂದೇ ಸಲ ಸೇರುತ್ತಿದೆ. ಆದರೆ ಹಳೆಯ ಆವೃತ್ತಿಯವರ ಸರದಿಯಲ್ಲಿ ಐಡಿ ಇಲ್ಲದ ಸಾಲುಗಳಿವೆ. ಅವಕ್ಕೆ?

ಬೆಳಗಾವಿ: ಹೊಸ ಆವೃತ್ತಿ ಮೊದಲ ಸಲ ತೆರೆದಾಗ, ಏನನ್ನೂ ಕಳಿಸುವ ಮೊದಲು, ಅಂಥ ಪ್ರತಿ ಸಾಲಿಗೂ ಒಂದು ಐಡಿ ಕೊಟ್ಟು ಡೇಟಾಬೇಸ್‌ನಲ್ಲಿ ಬರೆದಿಡಿ. ಅವುಗಳಲ್ಲಿ ಕೆಲವು ಈಗಾಗಲೇ ಸರ್ವರ್‌ಗೆ ಮುಟ್ಟಿರಬಹುದು, ಅವು ಇನ್ನೊಂದು ಸಲ ಸೇರುತ್ತವೆ. ಅಷ್ಟು ನಾಣ್ಯ ಹೋಗಲಿ ಬಿಡಿ.