ಕಾಸರಗೋಡಿನ ಕನ್ನಡಿಗರ ಗುಂಪೊಂದರ ಪ್ರಶ್ನೋತ್ತರ: ಹಾಜರಾಗಬೇಕಾ, ಬೇಡವಾ?

ಉಪ್ಪಳದ ಅಕ್ಕ: ಮಾಷ್ಟ್ರೇ, ಜಾಗದ ವಿಚಾರಣೆಯ ನೋಟೀಸು ಮಲಯಾಳದಲ್ಲಿ ಬಂದಿದೆ. ಫೋಟೋ ತೆಗೆದು ಕನ್ನಡಕ್ಕೆ ಮಾಡಿದ್ರೆ "ಹಾಜರಾಗಬೇಕು" ಅಂತ ಬರ್ತದೆ. ಪಕ್ಕದ ಮನೆ ಹುಡುಗ ಓದಿ "ಹೋಗ್ಬೇಕೂಂತ ಇಲ್ಲ" ಅಂತಾನೆ. ಯಾವುದನ್ನು ನಂಬುವುದು?

ಮಾಷ್ಟ್ರು: ಫೋಟೋ ಹಾಕಿ. ಅನುವಾದದ್ದಲ್ಲ, ಕಾಗದದ್ದು.

ಬದಿಯಡ್ಕದವರು: ಯಾವ ಆ್ಯಪ್ ಒಳ್ಳೇದು ಮಾಷ್ಟ್ರೇ?

ಮಾಷ್ಟ್ರು: ಆ್ಯಪಿನ ಪ್ರಶ್ನೆ ಅಲ್ಲ ಇದು.

ಮಾಷ್ಟ್ರು: ಅಕ್ಕ, ಫೋಟೋ ನೋಡಿದೆ. ಕಾಗದ ಪ್ಲಾಸ್ಟಿಕ್ ಕವರಿನೊಳಗೆ ಉಂಟು, ಮೇಲೆ ಟ್ಯೂಬ್‌ಲೈಟ್. ಐದನೇ ಸಾಲಿನ ಕೊನೆಯಲ್ಲಿ ಬೆಳಕು ಬಿದ್ದು ಹೆಬ್ಬೆರಳಿನಷ್ಟು ಜಾಗ ಬೆಳ್ಳಗಾಗಿದೆ. ಅಲ್ಲಿ "ಹಾಜರಾಕೇಂಡತ" ವರೆಗೆ ಕಾಣ್ತದೆ, ಆಮೇಲೆ ಏನೂ ಇಲ್ಲ. ಮಲಯಾಳದಲ್ಲಿ ಈ ಪದ "ಹಾಜರಾಕೇಂಡತಾಣ್" ಅಂತ ಮುಗಿದರೆ ಬರಲೇಬೇಕು, "ಹಾಜರಾಕೇಂಡತಿಲ್ಲ" ಅಂತ ಮುಗಿದರೆ ಬರಬೇಕಾಗಿಲ್ಲ. ನಮ್ಮ ಹಾಗೇ ಅವರಿಗೂ "ಇಲ್ಲ" ಬರುವುದು ಪದದ ಬಾಲದಲ್ಲಿ. ಬೆಳಕು ತಿಂದದ್ದು ಸರಿಯಾಗಿ ಆ ಬಾಲವನ್ನು.

ಅನುವಾದ ಒತ್ತುವ ಮೊದಲು ಆ್ಯಪ್ ಓದಿದ ಮಲಯಾಳ ಅಕ್ಷರಗಳನ್ನೇ ಕಾಪಿ ಮಾಡಿ ಆ ಹುಡುಗನಿಗೆ ತೋರಿಸಿ. "ತಾಣ್" ಅಂತ ಬಂದಿರುತ್ತದೆ ಅಂತ ನನ್ನ ಅಂದಾಜು. ಕಾಣದ ಜಾಗವನ್ನು ಅದು ಎಲ್ಲ ಸಲವೂ ಖಾಲಿ ಬಿಡುತ್ತದೆ ಅಂತಿಲ್ಲ, ಕೆಲವು ಸಲ ಪಕ್ಕದ ಅಕ್ಷರ ನೋಡಿ ರೂಢಿಯಲ್ಲಿ ಹೆಚ್ಚು ಬರುವ ಪದ ತುಂಬಿಸುತ್ತದೆ. ನೋಟೀಸುಗಳಲ್ಲಿ ಹೆಚ್ಚಾಗಿ ಇರುವುದು "ತಾಣ್". ಅನುವಾದದ್ದು ತಪ್ಪಿಲ್ಲ, ಅದಕ್ಕೆ ಸಿಕ್ಕಿದ್ದೇ ತಪ್ಪು ಪದ. ಕನ್ನಡ ಸಲೀಸಾಗಿ ಓದಿಸಿಕೊಂಡು ಹೋಗುವುದರಿಂದ ಸಂಶಯವೂ ಬರುವುದಿಲ್ಲ.

ಕವರಿನಿಂದ ಹೊರಗೆ ತೆಗೆಯಿರಿ. ಟ್ಯೂಬ್‌ಲೈಟ್, ಫ್ಲಾಶ್ ಎರಡೂ ಆರಿಸಿ, ಹಗಲಲ್ಲಿ ಕಿಟಕಿ ಹತ್ತಿರ ಮೇಜಿನ ಮೇಲಿಟ್ಟು ಮೂರು ಫೋಟೋ ತೆಗೆಯಿರಿ, ಪ್ರತಿ ಸಲ ಕಾಗದವನ್ನು ಸ್ವಲ್ಪ ತಿರುಗಿಸಿ. ಹೊಳಪು ಇದ್ದರೂ ಮೂರರಲ್ಲಿ ಒಂದೇ ಕಡೆ ಬೀಳುವುದಿಲ್ಲ.

ಕುಂಬಳೆಯವರು: ಇಷ್ಟೆಲ್ಲ ಯಾಕೆ? ಸ್ಕ್ಯಾನರ್ ಆ್ಯಪಿನ ಕಪ್ಪು-ಬಿಳುಪು ಫಿಲ್ಟರ್ ಹಾಕಿದ್ರೆ ಎಲ್ಲ ಸರಿಯಾಗ್ತದೆ.

ಮಾಷ್ಟ್ರು: ನೆರಳಿಗೆ ಆಗಬಹುದು. ನೆರಳಿನಡಿ ಅಕ್ಷರ ಮಂಕಾಗಿದ್ದರೂ ಅಲ್ಲೇ ಇರುತ್ತದೆ, ಅಕ್ಕಪಕ್ಕದ ಕಾಗದಕ್ಕಿಂತ ಕಪ್ಪಾಗಿ. ಒಳ್ಳೆಯ ಫಿಲ್ಟರ್ ಜಾಗ ಜಾಗಕ್ಕೆ ಹೋಲಿಸಿ ಅದನ್ನು ಎತ್ತಿ ಕೊಡುತ್ತದೆ. ಇಡೀ ಪುಟಕ್ಕೆ ಒಂದೇ ಅಳತೆ ಇಡುವ ಫಿಲ್ಟರ್ ಆದರೆ ನೆರಳಿನ ಭಾಗ ಪೂರ್ತಿ ಕಪ್ಪಾಗಿ ಅಕ್ಷರ ಮುಳುಗಿಹೋಗುತ್ತದೆ. ಹೊಳಪಿನಲ್ಲಿ ಕಾಗದವೂ ಶಾಯಿಯೂ ಒಂದೇ ಬಿಳಿ. ಅಲ್ಲಿಂದ ಎತ್ತಲಿಕ್ಕೆ ಏನುಂಟು?

ಕುಂಬಳೆಯವರು: ನನಗೆ ಯಾವತ್ತೂ ಸರಿ ಬಂದಿದೆ.

ಪೆರ್ಲದ ಅಣ್ಣ: ನಂದೂ ಇದೇ ಕತೆ. ತೆರಿಗೆ ರಶೀದಿಯಲ್ಲಿ 12.50 ಸೆಂಟ್ಸ್ ಇದ್ದದ್ದು 1250 ಆಯ್ತು. ಕೂತಲ್ಲಿಂದಲೇ ಓರೆಯಾಗಿ ತೆಗೆದದ್ದು, ಮಗ ಬೆಂಗಳೂರಿಂದ ವಾಟ್ಸಾಪಲ್ಲಿ ನೋಡಿ ಅನುವಾದ ಮಾಡಿದ.

ಮಾಷ್ಟ್ರು: ಓರೆ ಹಿಡಿದರೆ ದೂರದ ಸಾಲು ಸಣ್ಣದಾಗುತ್ತದೆ, ವಾಟ್ಸಾಪ್ ಮಾಮೂಲಿ ಫೋಟೋವನ್ನು ಇನ್ನೂ ಕುಗ್ಗಿಸುತ್ತದೆ. ಚುಕ್ಕೆಗೆ ಉಳಿಗಾಲ ಎಲ್ಲಿ? ಫೋನನ್ನು ಕಾಗದದ ನೇರ ಮೇಲೆ ಹಿಡಿಯಿರಿ. ನಿಮ್ಮ ನೆರಳು ಬಿದ್ದರೆ ಸ್ವಲ್ಪ ಮೇಲೆತ್ತಿ ಝೂಮ್ ಮಾಡಿ. ಪುಟದ ನಾಲ್ಕೂ ಅಂಚು ಪರದೆಯ ಅಂಚಿಗೆ ಸಮ ಬಂದರೆ ಸರಿ. ಮಗನಿಗೆ ಡಾಕ್ಯುಮೆಂಟ್ ಆಗಿ ಕಳಿಸಿ.

ಮಂಜೇಶ್ವರದವರು: ಫಾರ್ವರ್ಡ್ ಬಂದದ್ದು: ಲ್ಯಾಮಿನೇಷನ್ ಹೊಳೆದರೆ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಒತ್ತಿ, ಪ್ಲಾಸ್ಟಿಕ್ ಬಿಟ್ಟುಕೊಳ್ಳುತ್ತದೆ, ಆಮೇಲೆ ಫೋಟೋ ತೆಗೆಯಿರಿ 🙏

ಮಾಷ್ಟ್ರು: ದಯವಿಟ್ಟು ಇದನ್ನು ಅಳಿಸಿ. ಲೇಸರ್ ಪ್ರಿಂಟಿನ ಕಪ್ಪು ಅಂದ್ರೆ ಕರಗಿಸಿ ಅಂಟಿಸಿದ ಪುಡಿ. ಬಿಸಿ ತಾಗಿದರೆ ಪ್ಲಾಸ್ಟಿಕ್ಕಿಗೇ ಹತ್ತಿ ಅದರ ಜೊತೆ ಎದ್ದು ಬರುತ್ತದೆ. ಹಾಗೆ ಮಾಡಿ ಬೋಳು ಕಾಗದ ಹಿಡ್ಕೊಂಡು ನನ್ನಲ್ಲಿಗೆ ಬಂದವರಿದ್ದಾರೆ. ಲ್ಯಾಮಿನೇಷನ್ ಇದ್ದರೆ ಕಾಗದ ತಿರುಗಿಸಿ ತೆಗೆಯಿರಿ, ಅಷ್ಟೆ.

ನೀರ್ಚಾಲಿನವರು: ಅಜ್ಜನ ಕಾಲದ ಕೈಬರಹದ ಜಾಗದ ಆಧಾರ ಪತ್ರ ಇದರಲ್ಲಿ ಓದ್ತದಾ?

ಕುಂಬಳೆಯವರು: ಮೊದಲಿಗೆ ನಮಗೆ ಮಲಯಾಳ ನೋಟೀಸು ಕೊಡುವುದೇ ತಪ್ಪು. ಕನ್ನಡದಲ್ಲಿ ಕೇಳಿ ಪಡೀಬೇಕು.

ಪೆರ್ಲದ ಅಣ್ಣ: ಕೇಳಿ ಕೂತ್ರೆ ವಿಚಾರಣೆ ಮುಗೀತದೆ ಮಾರಾಯ್ರೆ. ನಾಲ್ಕಕ್ಷರ ಮಲಯಾಳ ಕಲೀಲಿಕ್ಕೆ ಎಂತ ಕಷ್ಟ?

ಕುಂಬಳೆಯವರು: ಕಲಿಯುವುದು ಬೇರೆ, ಹಕ್ಕು ಬೇರೆ. ನಿಮ್ಮಂಥವರಿಂದಲೇ ಹೀಗಾದದ್ದು.

ಪೆರ್ಲದ ಅಣ್ಣ: ನಮ್ಮಂಥವರು ಅಂದ್ರೆ?

ಮಾಷ್ಟ್ರು: ಜಗಳ ಬೇರೆ ಕಡೆ ಮಾಡಿ.

ಉಪ್ಪಳದ ಅಕ್ಕ: ಹೊಸ ಫೋಟೋ ಮೂರು ಹಾಕಿದ್ದೇನೆ, ಡಾಕ್ಯುಮೆಂಟ್ ಆಗಿ. ಹಳೇದರಲ್ಲಿ ಹುಡುಗ ನೋಡಿದ, "ತಾಣ್" ಅಂತಲೇ ಇತ್ತು.

ಮಾಷ್ಟ್ರು: ಎರಡನೆಯದರಲ್ಲಿ "ತಿಲ್ಲ" ಸ್ಪಷ್ಟ ಉಂಟು. ವಿಚಾರಣೆ ಮುಂದೆ ಹಾಕಿದ್ದಾರೆ, ಮೊದಲು ಹೇಳಿದ ದಿನ ಬರಬೇಕಾಗಿಲ್ಲ. ಆದರೆ ಹೊಸ ತಾರೀಕು ಮಡಿಕೆಯ ಮೇಲೆ ಬಿದ್ದಿದೆ. ಒಂದರಲ್ಲಿ 13 ಅಂತ ಕಾಣ್ತದೆ, ಇನ್ನೊಂದರಲ್ಲಿ ಮಡಿಕೆಯ ನೆರಳು ಸೇರಿ 18. ಅದನ್ನು ನಾನು ಫೋಟೋ ನೋಡಿ ಹೇಳುವುದಿಲ್ಲ. ಕಾಗದ ಹಿಡ್ಕೊಂಡು ಕಚೇರಿಯಲ್ಲೇ ಕೇಳಿ, 13ರ ಮೊದಲು.

ಬದಿಯಡ್ಕದವರು: ಆ್ಯಪಿನ ಹೆಸರು ಹೇಳಲೇ ಇಲ್ಲ.

ಮಾಷ್ಟ್ರು: ಮೇಲೆ ಓದಿ.